ಪಂಕ್ತಿ ಬಡಿಸಿದಂತೆ ಪಾರ್ಸೆಲ್

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರು ಮೊದಲನೇ ಎಲೆಯ ಮುಂದೆ ನಿಂತು ಉಪ್ಪು, ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ ಎಲ್ಲವನ್ನೂ ಬಡಿಸಿ ಮುಗಿಸಿ, ಆಮೇಲೆ ಎರಡನೇ ಎಲೆಗೆ ಹೋಗುವುದಿಲ್ಲ. ಉಪ್ಪು ಹಿಡಿದವನು ಉಪ್ಪನ್ನಷ್ಟೇ ಹಾಕುತ್ತ ಸಾಲಿನ ಕೊನೆಯವರೆಗೂ ಹೋಗುತ್ತಾನೆ. ಅವನ ಬೆನ್ನಿಗೆ ಕೋಸಂಬರಿಯವನು, ಅವನ ಹಿಂದೆ ಪಲ್ಯದವನು. ನೂರು ಎಲೆಗೆ ಬಡಿಸುವಾಗ ಇದು ಎಲ್ಲರಿಗೂ ಸಹಜವಾಗಿ ಹೊಳೆಯುವ ಕ್ರಮ. ಆದರೆ ಅದೇ ಮಂದಿ ಮನೆಯಲ್ಲಿ ಕೂತು ಆನ್‌ಲೈನ್ ಆರ್ಡರುಗಳನ್ನು ಕಟ್ಟಲು ಶುರು ಮಾಡಿದಾಗ ಮಾತ್ರ ಒಂದೊಂದು ಎಲೆಗೂ ಪೂರ್ತಿ ಊಟ ಬಡಿಸುತ್ತಾರೆ. ಮೊದಲ ಆರ್ಡರಿನ ಚೀಟಿ ಓದಿ, ಕಪಾಟಿಗೆ ಹೋಗಿ, ಮೂರು ಪ್ಯಾಕೆಟ್ ತಂದು, ಕಟ್ಟಿ, ಅಂಟಿಸಿ, ಎರಡನೇ ಚೀಟಿ ಕೈಗೆತ್ತಿಕೊಂಡು ಮತ್ತೆ ಅದೇ ಕಪಾಟಿಗೆ ಹೋಗುತ್ತಾರೆ.

ದಿನಕ್ಕೆ ಮೂರು ನಾಲ್ಕು ಆರ್ಡರ್ ಇರುವವರೆಗೆ ಇದರಲ್ಲಿ ತಪ್ಪೇನಿಲ್ಲ. ಶನಿವಾರ, ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಇಪ್ಪತ್ತು ಮೂವತ್ತು ಆರ್ಡರ್ ಒಟ್ಟಿಗೆ ಕೂತಿರುವ ಹೊತ್ತಿಗೆ ತೊಂದರೆ ಶುರುವಾಗುತ್ತದೆ. ಆಗ ಕೈಗೆ ಬರಬೇಕಾದ್ದು ಉಗ್ರಾಣಗಳಲ್ಲಿ ‘ಬ್ಯಾಚ್ ಪಿಕ್ ಲಿಸ್ಟ್’ ಎಂದು ಕರೆಯುವ ಒಂದು ಹಾಳೆ. ಹತ್ತಾರು ಆರ್ಡರುಗಳನ್ನು ಒಂದು ಗುಂಪಾಗಿ ಹಿಡಿದು, ಯಾರಿಗೆ ಏನು ಎಂಬುದನ್ನು ಸದ್ಯಕ್ಕೆ ಮರೆತು, ಯಾವ ಸಾಮಾನು ಒಟ್ಟು ಎಷ್ಟು ಬೇಕು ಎಂದು ಬರೆದುಕೊಂಡ ಪಟ್ಟಿ ಅದು.

ದೊಡ್ಡ ಉಗ್ರಾಣಗಳಲ್ಲಿ ಇದರ ಲಾಭ ನಡಿಗೆಯ ಉಳಿತಾಯ. ಜೇಮ್ಸ್ ಟಾಂಪ್ಕಿನ್ಸ್ ಮತ್ತು ಸಂಗಡಿಗರ ‘ಫೆಸಿಲಿಟೀಸ್ ಪ್ಲಾನಿಂಗ್’ ಈ ವಿಷಯದ ಹೆಸರಾಂತ ಪಠ್ಯ. ಆರ್ಡರಿನ ಸಾಮಾನು ತೆಗೆಯುವ ಕೆಲಸಗಾರನ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ ಓಡಾಟಕ್ಕೆ, ಐದನೇ ಒಂದು ಪಾಲು ಹುಡುಕಾಟಕ್ಕೆ ಹೋಗುತ್ತದೆ ಎಂಬ ಅದರ ಲೆಕ್ಕವನ್ನು ಈಗಲೂ ಎಲ್ಲರೂ ಉದ್ಧರಿಸುತ್ತಾರೆ. ಮನೆಯಲ್ಲಿ ಓಡಾಟ ಎಂದರೆ ಊಟದ ಮೇಜಿನಿಂದ ಕಪಾಟಿಗೆ ನಾಲ್ಕು ಹೆಜ್ಜೆ. ಅದನ್ನು ಉಳಿಸಲು ಪಟ್ಟಿ ಬರೆಯುವುದು ನೊಣ ಹೊಡೆಯಲು ಒನಕೆ ಎತ್ತಿದಂತೆ. ಮನೆಯ ಮಾರಾಟಗಾರರಿಗೆ ಈ ಪಟ್ಟಿಯ ಬೆಲೆ ಇರುವುದು ಬೇರೆ ಕಡೆ, ಅದರಲ್ಲಿ ಬರೆದ ಒಟ್ಟು ಸಂಖ್ಯೆಯಲ್ಲಿ. ಆರು ಬೇಕೆಂದು ಆರು ತಂದಿದ್ದರೆ, ಹಂಚಿ ಮುಗಿದಾಗ ಕೈ ಖಾಲಿಯಾಗಬೇಕು. ಒಂದು ಉಳಿಯಿತೋ, ಯಾರಿಗೋ ಕಡಿಮೆಯಾಗಿದೆ. ಒಂದು ಸಾಲದೆ ಬಂತೋ, ಯಾರಿಗೋ ಹೆಚ್ಚು ಹೋಗಿದೆ. ಪಾರ್ಸೆಲ್ ಇನ್ನೂ ಮನೆಯಲ್ಲೇ ಇರುವಾಗ ಇದು ಗೊತ್ತಾಗುತ್ತದೆ. ಒಂದೊಂದೇ ಆರ್ಡರ್ ಕಟ್ಟುವ ಪದ್ಧತಿಯಲ್ಲಿ ಇಂಥ ತಾಳೆಗೆ ಜಾಗವೇ ಇಲ್ಲ. ತಪ್ಪಿನ ಸುದ್ದಿ ಬರುವುದು ನಾಲ್ಕು ದಿನ ಬಿಟ್ಟು, ಗಿರಾಕಿಯ ಫೋನಿನಲ್ಲಿ.

ಧಾರವಾಡದಲ್ಲಿ ಚಟ್ನಿಪುಡಿ ಮಾರುವ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಶೇಂಗಾ, ಅಗಸೆ, ಗುರೆಳ್ಳು, ಪುಟಾಣಿ ಪುಡಿಗಳು ನೂರು ಗ್ರಾಂ ಮತ್ತು ಇನ್ನೂರೈವತ್ತು ಗ್ರಾಂ ಎಂಬ ಎರಡು ಅಳತೆಯಲ್ಲಿ; ಕೊಬ್ಬರಿ ಮತ್ತು ಕರಿಬೇವು ನೂರು ಗ್ರಾಂ ಮಾತ್ರ. ಅಲ್ಲಿಗೆ ಒಟ್ಟು ಹತ್ತು ಬಗೆ. ಆರ್ಡರುಗಳು ಬರುವ ದಾರಿ ಮೂರು: ಸ್ವಂತ ಜಾಲತಾಣ, ಒಂದು ದೊಡ್ಡ ಮಾರಾಟ ತಾಣ, ಮತ್ತೆ ಯಾರೂ ಬಿಡಲಾಗದ ವಾಟ್ಸಾಪ್. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ 24 ಆರ್ಡರ್ ಇವೆ, ಎಲ್ಲ ಸೇರಿ 54 ಪ್ಯಾಕೆಟ್. ಸಂಜೆ ನಾಲ್ಕಕ್ಕೆ ಕೊರಿಯರ್ ಹುಡುಗ ಬರುತ್ತಾನೆ.

ಪಟ್ಟಿ ಮಾಡುವ ಮೊದಲು ಎದುರಾಗುವ ಗೊಂದಲ ಲೆಕ್ಕದ್ದಲ್ಲ, ಭಾಷೆಯದು. ಧಾರವಾಡದವರು ಗುರೆಳ್ಳು ಅನ್ನುವುದನ್ನೇ ಬೆಂಗಳೂರು, ಮೈಸೂರಿನವರು ಹುಚ್ಚೆಳ್ಳು ಅನ್ನುತ್ತಾರೆ. ಪುಟಾಣಿ ಅಲ್ಲಿ ಹುರಿಗಡಲೆಯಾಗುತ್ತದೆ, ಶೇಂಗಾ ಕಡಲೆಕಾಯಿಯಾಗುತ್ತದೆ. ಜಾಲತಾಣದಿಂದ ‘ಗುರೆಳ್ಳು 4’ ಎಂದೂ ವಾಟ್ಸಾಪಿನಿಂದ ‘ಹುಚ್ಚೆಳ್ಳು 2’ ಎಂದೂ ಬಂದದ್ದನ್ನು ಹಾಗೇ ಹಾಳೆಗೆ ಇಳಿಸಿದರೆ ಒಂದೇ ಪುಡಿ ಎರಡು ಸಾಲಾಗಿ ನಿಲ್ಲುತ್ತದೆ, ಎರಡು ಸಲ ಕಪಾಟಿಗೆ ಕೈ ಹೋಗುತ್ತದೆ, ಒಟ್ಟು ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ‘ಕಡಲೆ ಪುಡಿ’ ಎಂದು ಬರೆದವರಿಗೆ ಬೇಕಾದದ್ದು ಶೇಂಗಾವೋ ಪುಟಾಣಿಯೋ ಎಂಬುದಂತೂ ಅವರನ್ನೇ ಕೇಳಿದರೆ ಮಾತ್ರ ತಿಳಿಯುವ ವಿಷಯ. ಅದಕ್ಕೇ ಪ್ರತಿ ಬಗೆಗೂ ಒಂದು ಕೋಡ್ ಇರಬೇಕು: ಗುರೆಳ್ಳು ನೂರು ಗ್ರಾಂ ಎಂದರೆ `GUR100`, ಶೇಂಗಾ ಇನ್ನೂರೈವತ್ತು ಎಂದರೆ `SHE250`. ಗಿರಾಕಿ ಏನೆಂದೇ ಕರೆಯಲಿ, ಆರ್ಡರ್ ಬರೆದುಕೊಳ್ಳುವ ಗಳಿಗೆಯಲ್ಲೇ ಅದು ಕೋಡಿಗೆ ಬದಲಾಗಬೇಕು. ಪ್ಯಾಕೆಟ್ ಕಟ್ಟುವಾಗ ಬದಲಾಯಿಸಿಕೊಂಡರಾಯಿತು ಎಂದವರು ಕೆಟ್ಟರು. ಆ ಹೊತ್ತಿಗೆ ತಲೆ ಬೇರೆಯದೇ ಲೆಕ್ಕದಲ್ಲಿರುತ್ತದೆ.

ಎರಡನೆಯ ಕೆಲಸ, ಗೆರೆ ಎಳೆಯುವುದು. ಹತ್ತು ಗಂಟೆಯವರೆಗೆ ಬಂದದ್ದು ಈ ಪಟ್ಟಿಗೆ, ಹತ್ತರ ಮೇಲೆ ಬಂದದ್ದು ನಾಳೆಗೆ. ಹೇಳುವುದು ಸುಲಭ. ಹತ್ತೂವರೆಗೆ ಫೋನ್ ಬರುತ್ತದೆ: “ಅಕ್ಕಾರ, ನಿನ್ನೆ ಹೇಳಿದ್ನಲ್ರಿ, ಅದಕ್ಕ ಇನ್ನೊಂದು ಕೊಬ್ರಿ ಪುಡಿ ಸೇರಿಸಿಬಿಡ್ರಿ.” ಒಂದೇ ಒಂದು ಪ್ಯಾಕೆಟ್, ಎದ್ದು ತಂದು ಹಾಕಿದರಾಯಿತು ಅನಿಸುತ್ತದೆ. ಹಾಗೆ ಹಾಕಿದ ಆ ಪ್ಯಾಕೆಟ್ ಪಟ್ಟಿಯ ಲೆಕ್ಕದಲ್ಲಿಲ್ಲ. ಪಟ್ಟಿಯ ಪ್ರಕಾರ ಐದು ಕೊಬ್ಬರಿ ಹೋಗಬೇಕಿತ್ತು, ಆರು ಹೋಗಿದೆ. ಕೊನೆಗೆ ಮೇಜಿನ ಮೇಲೆ ಒಂದು ಕೊಬ್ಬರಿ ಉಳಿದರೆ ಅದು ತಪ್ಪಿನದೋ ಈ ಫೋನಿನದೋ ಎಂದು ಹೇಳುವವರಾರು? ತಡವಾಗಿ ಬಂದ ಮಾತನ್ನು ಬೇರೆ ಚೀಟಿಯಲ್ಲಿ ಬರೆದು ಪಕ್ಕಕ್ಕಿಡಬೇಕು. ಮೇಜು ಖಾಲಿಯಾಗಿ, ಲೆಕ್ಕ ತಾಳೆಯಾದ ಮೇಲೆ, ಪೆಟ್ಟಿಗೆಗಳ ಬಾಯಿ ಮುಚ್ಚುವ ಮುನ್ನ ಆ ಚೀಟಿಯ ಸಾಮಾನು ಸೇರಬೇಕು. ರದ್ದಾದ ಆರ್ಡರಿನದೂ ಹೀಗೆಯೇ. ಅದರ ಪೆಟ್ಟಿಗೆಯನ್ನು ತುಂಬಿಸಿಯೇ ಮುಗಿಸಿ, ಆಮೇಲೆ ಇಡಿಯಾಗಿ ಕಪಾಟಿಗೆ ಹಿಂತಿರುಗಿಸುವುದು ಬೋಳೆತನದಂತೆ ಕಂಡರೂ ನಡುವೆ ಪಟ್ಟಿ ತಿದ್ದುವುದಕ್ಕಿಂತ ಕ್ಷೇಮ.

ಗೆರೆ ಎಳೆದ ಕೂಡಲೇ ಒಂದೇ ವಿಳಾಸಕ್ಕೆ ಎರಡು ಆರ್ಡರ್ ಇವೆಯೇ ಎಂದು ನೋಡಬೇಕು. ಸ್ವಂತ ಜಾಲತಾಣದವಾದರೆ ಸೇರಿಸಿ ಒಂದೇ ಪಾರ್ಸೆಲ್ ಮಾಡಬಹುದು. ಮಾರಾಟ ತಾಣದ ಆರ್ಡರುಗಳನ್ನು ಹಾಗೆ ಸೇರಿಸುವಂತಿಲ್ಲ, ಒಂದೊಂದಕ್ಕೂ ಅದರದೇ ಬಾರ್‌ಕೋಡಿನ ಲೇಬಲ್ ಬರುತ್ತದೆ.

ಈಗ ಆರ್ಡರುಗಳನ್ನು ಎರಡು ಪಾಲು ಮಾಡಬೇಕು. ಒಂದೇ ಬಗೆಯ ಸಾಮಾನಿನವು ಒಂದು ಕಡೆ, ಬೆರಕೆಯವು ಇನ್ನೊಂದು ಕಡೆ. ನಮ್ಮ 24ರಲ್ಲಿ 9 ಒಂದೇ ಬಗೆಯವು: ಐವರಿಗೆ ಇನ್ನೂರೈವತ್ತರ ಶೇಂಗಾ ಒಂದೊಂದು, ಮೂವರಿಗೆ ನೂರರ ಗುರೆಳ್ಳು ಒಂದೊಂದು, ಒಬ್ಬರಿಗೆ ಇನ್ನೂರೈವತ್ತರ ಅಗಸೆ ಎರಡು. ಒಟ್ಟು ಹತ್ತು ಪ್ಯಾಕೆಟ್. ಇವುಗಳಿಗೆ ಹಂಚುವ ಕೆಲಸವೇ ಇಲ್ಲ. ಐದು ಶೇಂಗಾ, ಐದು ಕವರು, ಐದು ಲೇಬಲ್ಲು ಮುಂದಿಟ್ಟುಕೊಂಡು ಕಟ್ಟಿದರಾಯಿತು, ಯಾವ ಪ್ಯಾಕೆಟ್ ಯಾರಿಗೆ ಹೋದರೂ ಒಂದೇ. ಮನೆಯಿಂದ ಮಾರುವವರಲ್ಲಿ ಬಹಳ ಮಂದಿ ಈ ಪಾಲನ್ನು ಬೇರೆ ಮಾಡದೆ ಬೆರಕೆಯವುಗಳ ಜೊತೆಗೇ ಮೇಜಿನ ಮೇಲೆ ಹರಡಿಕೊಂಡು ಜಾಗ ಕಳೆದುಕೊಳ್ಳುತ್ತಾರೆ. ಇವನ್ನು ಮೊದಲು ಕಟ್ಟಿ ಬಾಗಿಲ ಬಳಿ ಇಟ್ಟರೆ ಉಳಿಯುವುದು 15 ಆರ್ಡರ್, 44 ಪ್ಯಾಕೆಟ್. ನಿಜವಾದ ಪಟ್ಟಿ ಬೇಕಿರುವುದು ಇವಕ್ಕೆ.

ಮೇಜಿನ ಮೇಲೆ ಸಾಲಿಗೆ ಐದರಂತೆ ಮೂರು ಸಾಲು, ಹದಿನೈದು ತೆರೆದ ಪೆಟ್ಟಿಗೆ. ಒಂದರಿಂದ ಹದಿನೈದರವರೆಗೆ ನಂಬರು, ಎಡದಿಂದ ಬಲಕ್ಕೆ, ಎಲ್ಲ ಸಾಲಿಗೂ ಅದೇ ದಿಕ್ಕು. ಪ್ರತಿ ಪೆಟ್ಟಿಗೆಯೊಳಗೆ ಸಾಮಾನು ಬೀಳುವ ಮೊದಲೇ ಅದರ ಆರ್ಡರ್ ಚೀಟಿ ಬಿದ್ದಿರಬೇಕು. ಚೀಟಿ ಮೊದಲು ಕೂತರೆ ಆ ಪೆಟ್ಟಿಗೆ ಯಾರದೆಂಬುದು ಅಲ್ಲಿಗೇ ತೀರ್ಮಾನವಾದಂತೆ, ಮತ್ತೆ ನೆನಪನ್ನು ನೆಚ್ಚಬೇಕಿಲ್ಲ.

ಇನ್ನು ಪಟ್ಟಿ. ಲಾಂಗ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಗೆರೆ ಹೊಡೆದು ಮಾಡಬಹುದು. ಹದಿನೈದು ಆರ್ಡರಿಗೆ ಕಾಗದ ಧಾರಾಳ ಸಾಕು. ಗೂಗಲ್ ಶೀಟ್ಸ್ ಬಳಸುವವರು ಐದು ಕಾಲಂ ಇಟ್ಟುಕೊಳ್ಳಬೇಕು: A ಆರ್ಡರ್ ನಂಬರು, B ಪೆಟ್ಟಿಗೆ ನಂಬರು, C ಕೋಡ್, D ಎಷ್ಟು, E ಕಪಾಟಿನ ಯಾವ ಅಂಕಣ. ಒಬ್ಬ ಗಿರಾಕಿ ಮೂರು ಬಗೆ ಕೇಳಿದ್ದರೆ ಮೂರು ಸಾಲು. ಪಕ್ಕದ ಹಾಳೆಯೊಂದರಲ್ಲಲ್ಲ, ಅದೇ ಹಾಳೆಯ ಖಾಲಿ ಜಾಗದಲ್ಲಿ ಈ ಒಂದು ಸೂತ್ರ ಬರೆದರೆ ಒಟ್ಟು ಪಟ್ಟಿ ತಾನೇ ಮೂಡುತ್ತದೆ.

```
=QUERY(A1:E200, "select E, C, sum(D) where C is not null group by E, C order by E", 1)
```

ಇದರ ಕೊನೆಯ `order by E` ಎಂಬುದನ್ನು ಗಮನಿಸಬೇಕು. ಪಟ್ಟಿ ಬರುವುದು ಅಕಾರಾದಿಯಲ್ಲಲ್ಲ, ಕಪಾಟಿನ ಕ್ರಮದಲ್ಲಿ. ಅಗಸೆ ಮೊದಲು, ಶೇಂಗಾ ಕೊನೆಗೆ ಎಂಬ ಕ್ರಮ ನಿಘಂಟಿಗೆ ಚೆಂದ. ಕಪಾಟಿನ ಮುಂದೆ ನಿಂತವರಿಗೆ ಬೇಕಾದದ್ದು ಕೈ ಒಂದೇ ದಿಕ್ಕಿನಲ್ಲಿ ಸಾಗುವ ಕ್ರಮ. ಇನ್ನೂರೈವತ್ತರ ಪ್ಯಾಕೆಟ್‌ಗಳು ಮೊದಲ ಅಂಕಣಗಳಲ್ಲಿದ್ದರೆ ಪೆಟ್ಟಿಗೆಯಲ್ಲಿ ಭಾರದವು ತಳಕ್ಕೆ, ಹಗುರವು ಮೇಲೆ ತಾವಾಗಿಯೇ ಕೂರುತ್ತವೆ.

ಈ ಸೂತ್ರದಲ್ಲಿ ಒಂದು ಗುಂಡಿಯಿದೆ, ಬಿದ್ದವರಿಗೆ ಬಿದ್ದದ್ದೇ ಗೊತ್ತಾಗುವುದಿಲ್ಲ. `QUERY` ಒಂದು ಕಾಲಂನಲ್ಲಿ ಅಂಕಿಗಳೂ ಅಕ್ಷರಗಳೂ ಬೆರೆತಿದ್ದರೆ, ಯಾವುದು ಹೆಚ್ಚಿದೆಯೋ ಅದನ್ನು ಹಿಡಿದು ಇನ್ನೊಂದನ್ನು ಖಾಲಿ ಎಂದು ತಿಳಿಯುತ್ತದೆ. D ಕಾಲಂನಲ್ಲಿ ಎಲ್ಲ ಕಡೆ 1, 2 ಎಂದಿದ್ದು ಒಂದು ಕಡೆ ಮಾತ್ರ ಯಾರೋ ‘2 ಪ್ಯಾಕೆಟ್’ ಎಂದು ಬರೆದಿದ್ದರೆ ಆ ಎರಡು ಒಟ್ಟಿನಿಂದ ಮಾಯ. ತಪ್ಪೆಂದು ಕೆಂಪಕ್ಷರವೂ ಬರುವುದಿಲ್ಲ. ಕೂಡಿ ನೋಡೋಣವೆಂದು `SUM` ಹಾಕಿದರೆ ಅದೂ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯದೆ ಅದೇ ತಪ್ಪು ಉತ್ತರವನ್ನು ಕೊಟ್ಟು ಸಮಾಧಾನ ಮಾಡುತ್ತದೆ. ಬೇರೊಂದು ಮನೆಯಲ್ಲಿ ಈ ಸಾಲು ಇರಬೇಕು:

```
=COUNTA(D2:D200)-COUNT(D2:D200)
```

ತುಂಬಿರುವ ಮನೆಗಳು ಎಷ್ಟು, ಅಂಕಿಯಿರುವ ಮನೆಗಳು ಎಷ್ಟು, ಎರಡರ ವ್ಯತ್ಯಾಸ. ಉತ್ತರ ಸೊನ್ನೆ ಬಂದರೆ ಮುಂದಕ್ಕೆ ಹೋಗಬಹುದು. ಒಂದು ಬಂದರೆ ಎಲ್ಲೋ ಒಂದು ಕಡೆ ಅಕ್ಷರ ಸೇರಿದೆ. ಅಂಕಣದ ಗುರುತಿಗೂ ಇದೇ ಮಾತು: ಒಂದು ಕಡೆ ‘3’, ಇನ್ನೊಂದು ಕಡೆ ‘3B’ ಎಂದು ಬರೆಯುವ ಬದಲು ಎಲ್ಲಕ್ಕೂ `K01`, `K02` ಎಂದೇ ಹೆಸರಿಡಬೇಕು.

ಧಾರವಾಡದ ಆ ಸೋಮವಾರದ ಪಟ್ಟಿ ಹೀಗೆ ಬರುತ್ತದೆ. ಇನ್ನೂರೈವತ್ತರಲ್ಲಿ ಶೇಂಗಾ 6, ಅಗಸೆ 3, ಗುರೆಳ್ಳು 3, ಪುಟಾಣಿ 2. ನೂರರಲ್ಲಿ ಶೇಂಗಾ 7, ಅಗಸೆ 5, ಗುರೆಳ್ಳು 6, ಪುಟಾಣಿ 4, ಕೊಬ್ಬರಿ 5, ಕರಿಬೇವು 3. ಕೂಡಿದರೆ 44. ಆರ್ಡರ್ ಚೀಟಿಗಳನ್ನು ಲೆಕ್ಕ ಹಾಕಿದರೆ ಈ ಹದಿನೈದರಲ್ಲೇ 38 ಸಾಲುಗಳಿವೆ, ಅಂದರೆ ಹಳೆಯ ರೀತಿಯಲ್ಲಿ 38 ಸಲ ಓದಿ, ಹುಡುಕಿ, ತೆಗೆಯುವ ಕೆಲಸ. ಈಗ ಅದು ಹತ್ತೇ ಸಲ.

ಪಟ್ಟಿಗೆ ಇನ್ನೊಂದು ಅರ್ಧವಿದೆ. ಒಟ್ಟು ಎಷ್ಟು ಎಂಬುದು ಕಪಾಟಿನ ಮುಂದೆ ಬೇಕಾದ ಮಾತು. ಮೇಜಿನ ಮುಂದೆ ಬೇಕಾದದ್ದು ಯಾವ ಪೆಟ್ಟಿಗೆಗೆ ಎಷ್ಟು ಎಂಬುದು. ಹಾಳೆಯನ್ನು ಕೋಡ್ ಪ್ರಕಾರ, ಅದರೊಳಗೆ ಪೆಟ್ಟಿಗೆ ಪ್ರಕಾರ ಜೋಡಿಸಿಕೊಂಡರೆ ಅದು ಸಿಗುತ್ತದೆ. ಕಾಗದದ ಮೇಲೆ ಗುರೆಳ್ಳಿನ ಸಾಲು ಹೀಗೆ ಕಾಣುತ್ತದೆ: GUR100, ಒಟ್ಟು 6, ಪೆಟ್ಟಿಗೆ 2, 3, 7ಕ್ಕೆ ಎರಡು, 11, 14.

ಇಬ್ಬರಿದ್ದರೆ ಕೆಲಸ ಹಾಡಿನಂತೆ ಸಾಗುತ್ತದೆ. ಅತ್ತೆ ಕನ್ನಡಕ ಏರಿಸಿ ಪಟ್ಟಿ ಹಿಡಿಯುತ್ತಾರೆ, ಸೊಸೆ ಕಪಾಟಿನ ಮುಂದೆ.

“ಗುರೆಳ್ಳು ನೂರು, ಆರು ತಗಿ.”

“ಆರು ತಗದೆ ರೀ.” ಮೇಜಿನ ಅಂಚಿಗೆ ಆರನ್ನೂ ಸಾಲಾಗಿ ಇಟ್ಟು ಎಣಿಸಿ ತೋರಿಸುತ್ತಾಳೆ. ಅತ್ತೆ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆಯುತ್ತಾರೆ.

“ಎರಡಕ್ಕ ಒಂದು. ಮೂರಕ್ಕ ಒಂದು. ಏಳಕ್ಕ ಎರಡು. ಹನ್ನೊಂದಕ್ಕ ಒಂದು. ಹದಿನಾಲ್ಕಕ್ಕ ಒಂದು. ಕೈ ಖಾಲಿ?”

“ಇಲ್ರೀ, ಒಂದು ಉಳಿತು.”

ಉಳಿದದ್ದು ಒಂದೇ ಪ್ಯಾಕೆಟ್. ಆದರೆ ಅದರಿಂದ ತಿಳಿಯುವುದು ಬಹಳ. ತಪ್ಪು ಗುರೆಳ್ಳಿನದೇ, ಬೇರೆ ಒಂಬತ್ತು ಬಗೆಯದಲ್ಲ. ಐದು ಪೆಟ್ಟಿಗೆಗಳಲ್ಲಿ ಒಂದರಲ್ಲೇ ಇದೆ, ಹದಿನೈದರಲ್ಲೂ ಹುಡುಕಬೇಕಿಲ್ಲ. ಏಳನೆಯದರಲ್ಲಿ ಎರಡರ ಬದಲು ಒಂದೇ ಬಿದ್ದಿದೆ ಎಂದು ಕಾಣಲು ಅರ್ಧ ನಿಮಿಷ ಸಾಕು. ‘ಎರಡು’ ಎಂದಿರುವ ಕಡೆಯೇ ಇಂಥ ತಪ್ಪು ಹೆಚ್ಚು ಆಗುವುದು, ಏಕೆಂದರೆ ಕೈ ಒಂದೊಂದೇ ಹಾಕುವ ಲಯಕ್ಕೆ ಬಿದ್ದಿರುತ್ತದೆ. ಅದಕ್ಕೇ ಒಂದಕ್ಕಿಂತ ಹೆಚ್ಚಿರುವ ಸಂಖ್ಯೆಯ ಸುತ್ತ ಮೊದಲೇ ಒಂದು ಸುತ್ತು ಹಾಕಿಟ್ಟುಕೊಳ್ಳುವುದು ಜಾಣತನ.

ಒಂದು ಬಗೆ ಪೂರ್ತಿ ಮುಗಿದು ಕೈ ಖಾಲಿಯಾದ ಮೇಲೆಯೇ ಮುಂದಿನ ಬಗೆ ತೆಗೆಯಬೇಕೆಂಬುದು ಈ ಆಟದ ಮುಖ್ಯ ನಿಯಮ. ಹತ್ತೂ ಬಗೆಯನ್ನು ಒಂದೇ ಬುಟ್ಟಿಯಲ್ಲಿ ತಂದು ಸುರಿದುಕೊಂಡು ಆಮೇಲೆ ಹಂಚುವ ಪದ್ಧತಿಯೂ ಇದೆ. ಕಪಾಟು ಮಹಡಿಯ ಮೇಲಿದ್ದು ಮೇಜು ಕೆಳಗಿರುವ ಮನೆಗೆ ಅದೇ ಗತಿ. ಅಲ್ಲಿ ಬಗೆಗೊಂದು ಚೀಲ ಮಾಡಿ ತರುವುದು ಒಳ್ಳೆಯದು. 44 ಪ್ಯಾಕೆಟ್ ರಾಶಿಯಲ್ಲಿ ಕೊನೆಗೆ ಉಳಿದ ಒಂದನ್ನು ನೋಡಿ ಎಲ್ಲಿ ತಪ್ಪಿತು ಎಂದು ಹುಡುಕಲು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕೈ ಖಾಲಿಯಾದರೆ ಎಲ್ಲ ಸರಿ ಎಂದು ನಂಬಿಬಿಡುವಂತಿಲ್ಲ. ಏಳಕ್ಕೆ ಹಾಕಬೇಕಾದ ಎರಡು ಗುರೆಳ್ಳು ಎಂಟಕ್ಕೆ ಬಿದ್ದರೂ ಕೈ ಖಾಲಿಯೇ ಆಗುತ್ತದೆ. ತೆಗೆಯುವಾಗ ಆರಕ್ಕೆ ಐದೇ ತೆಗೆದು, ಹಾಕುವಾಗಲೂ ಒಂದನ್ನು ಬಿಟ್ಟರೆ ಎರಡು ತಪ್ಪು ಒಂದನ್ನೊಂದು ನುಂಗಿ ಮೇಜು ಸ್ವಚ್ಛವಾಗಿ ಕಾಣುತ್ತದೆ. ಇಂಥವನ್ನು ಹಿಡಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕವರೂ ಸೇರಿ ನೂರರ ಪ್ಯಾಕೆಟ್ 108 ಗ್ರಾಂ, ಇನ್ನೂರೈವತ್ತರದು 262 ಗ್ರಾಂ ತೂಗುತ್ತದೆ ಎಂದುಕೊಳ್ಳೋಣ. ಏಳನೇ ಪೆಟ್ಟಿಗೆಯಲ್ಲಿ ಎರಡು ಗುರೆಳ್ಳು, ಒಂದು ದೊಡ್ಡ ಶೇಂಗಾ: 478 ಗ್ರಾಂ ಇರಬೇಕು. ತಕ್ಕಡಿ 262 ತೋರಿಸಿದರೆ ಎರಡು ಗುರೆಳ್ಳು ಎಲ್ಲೋ ಹೋಗಿವೆ. 370 ತೋರಿಸಿದರೆ ಒಂದು. ಪುಡಿ ತುಂಬುವಾಗ ಎರಡು ಮೂರು ಗ್ರಾಂ ಆಚೀಚೆ ಆಗುವುದು ಇದ್ದದ್ದೇ, ಆದರೆ ಅದು 108 ಗ್ರಾಮಿನ ವ್ಯತ್ಯಾಸವನ್ನು ಮುಚ್ಚುವಷ್ಟು ದೊಡ್ಡದಲ್ಲ. ಖಾಲಿ ಪೆಟ್ಟಿಗೆ ಮತ್ತು ಚೀಟಿಯ ತೂಕವನ್ನು ಮೊದಲೇ ಕಳೆದು ತಕ್ಕಡಿಯನ್ನು ಸೊನ್ನೆಗೆ ತಂದುಕೊಳ್ಳಬೇಕು. ಪ್ರತಿ ಪೆಟ್ಟಿಗೆಗೂ ಬರಬೇಕಾದ ತೂಕವನ್ನು ಚೀಟಿಯ ಮೂಲೆಯಲ್ಲಿ ಬರೆದಿಟ್ಟಿದ್ದರೆ ಹದಿನೈದನ್ನು ತೂಗಲು ಹೆಚ್ಚು ಹೊತ್ತು ಬೇಡ. ಹೇಗೂ ಕೊರಿಯರಿಗೆ ತೂಕ ಹೇಳಲೇಬೇಕಲ್ಲ.

ತಕ್ಕಡಿಗೂ ಕಾಣದ ತಪ್ಪು ಒಂದಿದೆ. ಗುರೆಳ್ಳಿನ ಜಾಗಕ್ಕೆ ಅಗಸೆ ಹೋದರೆ ತೂಕ ಅಷ್ಟೇ, ಸಂಖ್ಯೆಯೂ ಅಷ್ಟೇ. ಕಪಾಟಿನಲ್ಲಿ ಎರಡೂ ಅಕ್ಕಪಕ್ಕ ಇದ್ದು, ಒಂದು ಅಗಸೆ ಪ್ಯಾಕೆಟ್ ಗುರೆಳ್ಳಿನ ಬುಟ್ಟಿಯೊಳಗೆ ಸೇರಿಕೊಂಡಿದ್ದರೆ ಆರು ಎಣಿಸಿದಾಗ ಅದೂ ಆರರಲ್ಲೊಂದಾಗಿ ಹೊರಡುತ್ತದೆ. ಇಲ್ಲಿ ಕಣ್ಣೊಂದೇ ದಿಕ್ಕು. ಗುರೆಳ್ಳು ಪುಡಿ ಕಪ್ಪಗೆ, ಅಗಸೆ ಕಂದು. ಪ್ಯಾಕೆಟ್ ಪಾರದರ್ಶಕವಾಗಿದ್ದರೆ ಮೇಜಿನ ಅಂಚಿನಲ್ಲಿ ಆರನ್ನು ಸಾಲಾಗಿ ಇಟ್ಟಾಗಲೇ ಬೇರೆ ಬಣ್ಣದ್ದು ಎದ್ದು ಕಾಣುತ್ತದೆ. ಸಾಲಾಗಿ ಇಟ್ಟು ಎಣಿಸುವುದರ ಇನ್ನೊಂದು ಲಾಭ ಇದು. ಚೆಂದ ಕಾಣಲೆಂದು ಎಲ್ಲಕ್ಕೂ ಒಂದೇ ಬಗೆಯ ಕಂದು ಕಾಗದದ ಕವರು ಮಾಡಿಸಿಕೊಂಡವರು ಈ ಲಾಭವನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಅವರು ಬಗೆಗೊಂದು ಬಣ್ಣದ ಸ್ಟಿಕ್ಕರ್ ಅಂಟಿಸದೆ ಬೇರೆ ದಾರಿಯಿಲ್ಲ. ಒಂದನ್ನೊಂದು ಹೋಲುವ ಬಗೆಗಳನ್ನು ಅಕ್ಕಪಕ್ಕದ ಅಂಕಣದಲ್ಲಿ ಇಡದಿರುವುದು ಇನ್ನೂ ಅಗ್ಗದ ಉಪಾಯ. ಗುರೆಳ್ಳಿನ ಪಕ್ಕ ಬಿಳಿಯ ಕೊಬ್ಬರಿ ಇದ್ದರೆ ಯಾರೂ ತಪ್ಪುವುದಿಲ್ಲ.

ತಿನ್ನುವ ವಸ್ತುವಾದ್ದರಿಂದ ತಾರೀಖಿನ ಮಾತೂ ಬರುತ್ತದೆ. ಅಗಸೆ, ಗುರೆಳ್ಳು ಎಣ್ಣೆಯ ಕಾಳುಗಳು, ಪುಡಿ ಮಾಡಿದ ಮೇಲೆ ಬೇಗ ಕಮಟು ವಾಸನೆ ಹಿಡಿಯುತ್ತವೆ. ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಆನ್‌ಲೈನಿನಲ್ಲಿ ಆಹಾರ ಮಾರುವವರು ಗಿರಾಕಿಗೆ ತಲುಪಿಸುವ ಹೊತ್ತಿಗೆ ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇ 30ರಷ್ಟಾದರೂ, ಇಲ್ಲವೇ 45 ದಿನವಾದರೂ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಹೇಳಿತ್ತು. ಪಟ್ಟಿಯಲ್ಲಿ ಆರು ಗುರೆಳ್ಳು ಎಂದಿದ್ದು, ಹಿಂದಿನ ವಾರ ಕುಟ್ಟಿದ್ದರಲ್ಲಿ ನಾಲ್ಕೇ ಉಳಿದಿದ್ದರೆ, ಆ ನಾಲ್ಕು ಯಾವ ಪೆಟ್ಟಿಗೆಗೆ ಹೋದವು ಎಂದು ಸಾಲಿನ ಪಕ್ಕದಲ್ಲೇ ಬರೆದಿಡಬೇಕು. ಮುಂದೆ ಒಬ್ಬರು “ಪುಡಿ ವಾಸನೆ ಬಂದಿದೆ” ಎಂದರೆ, ಅದೇ ಹುರಿತದ್ದು ಇನ್ನು ಯಾರ್ಯಾರ ಮನೆ ಸೇರಿದೆ ಎಂದು ಆ ಒಂದು ಸಾಲು ಹೇಳುತ್ತದೆ.

ಕಪಾಟಿನಲ್ಲಿ ಸಾಮಾನೇ ಸಾಲದಿದ್ದರೆ? ಇನ್ನೂರೈವತ್ತರ ಗುರೆಳ್ಳು ಮೂರು ಬೇಕು, ಇರುವುದು ಎರಡು. ಒಂದೊಂದೇ ಕಟ್ಟುವವರಿಗೆ ಇದು ಗೊತ್ತಾಗುವುದು ಎರಡು ಪಾರ್ಸೆಲ್ ಮುಚ್ಚಿ ಟೇಪು ಸುತ್ತಿದ ಮೇಲೆ, ಮೂರನೆಯವರ ಸರದಿಯಲ್ಲಿ. ಪಟ್ಟಿ ಹಿಡಿದವರಿಗೆ ಗೊತ್ತಾಗುವುದು ಯಾವ ಪೆಟ್ಟಿಗೆಯ ಬಾಯಿಯೂ ಮುಚ್ಚುವ ಮೊದಲು. ಯಾರಿಗೆ ನಾಳೆ ಕಳಿಸಿದರೆ ನಡೆಯುತ್ತದೆ, ಯಾರು ನೂರರದು ಎರಡೂವರೆ ಬದಲು ಮೂರು ಕೊಟ್ಟರೆ ಖುಷಿಪಡುತ್ತಾರೆ ಎಂದು ಯೋಚಿಸಲು ಆಗ ಸಮಯವಿರುತ್ತದೆ. ಅಂಥ ಪೆಟ್ಟಿಗೆಯ ಅಂಚಿಗೆ ಬಟ್ಟೆ ಕ್ಲಿಪ್ಪೊಂದನ್ನು ಸಿಕ್ಕಿಸಿಡಬೇಕು. ಕ್ಲಿಪ್ ಇರುವ ಪೆಟ್ಟಿಗೆಯನ್ನು ಯಾರೂ ಮುಚ್ಚಬಾರದು.

ಕೊನೆಯ ಹೆಜ್ಜೆಯಲ್ಲಿ ಇಷ್ಟು ಹೊತ್ತಿನ ಶಿಸ್ತೆಲ್ಲ ನೀರಿಗೆ ಬೀಳುವುದುಂಟು. ಹದಿನೈದನ್ನೂ ಮುಚ್ಚಿ, ಪೇರಿಸಿಟ್ಟು, ಆಮೇಲೆ ಲೇಬಲ್ ಹಾಳೆಗಳನ್ನು ಕತ್ತರಿಸಿ ಅಂಟಿಸಲು ಕೂತರೆ ಯಾವ ಪೆಟ್ಟಿಗೆ ಯಾರದೆಂದು ದೇವರಿಗೇ ಗೊತ್ತು. ಮುಚ್ಚಿದ ಪೆಟ್ಟಿಗೆಗಳೆಲ್ಲ ಒಂದೇ ಥರ. ಒಂದು ಪೆಟ್ಟಿಗೆಯ ಚೀಟಿ ಓದಿ, ತೂಗಿ, ಮುಚ್ಚಿ, ಟೇಪು ಹಾಕಿ, ಅದರ ಲೇಬಲ್ ಅಂಟಿಸಿ ಕೆಳಗಿಟ್ಟ ಮೇಲೆಯೇ ಮುಂದಿನದನ್ನು ಮುಟ್ಟಬೇಕು. ತೆಗೆಯುವುದು ಪಂಕ್ತಿಯ ಕ್ರಮದಲ್ಲಾದರೆ ಮುಚ್ಚುವುದು ಮಾತ್ರ ಒಂದೊಂದೇ. ಲೇಬಲ್‌ಗಳನ್ನು ಪೆಟ್ಟಿಗೆ ನಂಬರಿನ ಕ್ರಮದಲ್ಲೇ ಮುದ್ರಿಸಿಕೊಂಡಿದ್ದರೆ ಇದಕ್ಕೆ ಹುಡುಕಾಟವೂ ಇಲ್ಲ.

ಹಬ್ಬದ ವಾರ ಬಂದು ಅರವತ್ತು ಆರ್ಡರ್ ಸೇರಿದರೆ ಪಟ್ಟಿಯನ್ನೂ ದೊಡ್ಡದು ಮಾಡುವ ಆಸೆಯಾಗುತ್ತದೆ. ಮೇಜು ಹಿಡಿಯುವುದು ಹದಿನೈದು ಪೆಟ್ಟಿಗೆ. ಪಟ್ಟಿಯ ಅಳತೆಯೂ ಅಷ್ಟೇ ಇರಬೇಕು. ಅರವತ್ತಕ್ಕೂ ಒಟ್ಟಿಗೆ ತೆಗೆದು ನೆಲ, ಮಂಚ, ಕಿಟಕಿಕಟ್ಟೆಯ ಮೇಲೆಲ್ಲ ಪೆಟ್ಟಿಗೆ ಹರಡಿದರೆ ಉಳಿದ ಒಂದು ಪ್ಯಾಕೆಟ್‌ಗಾಗಿ ಮನೆಯೆಲ್ಲ ಸುತ್ತಬೇಕಾಗುತ್ತದೆ. ನಾಲ್ಕು ಸುತ್ತು, ನಾಲ್ಕು ಪಟ್ಟಿ, ಪ್ರತಿ ಸುತ್ತಿಗೂ ಮೇಜು ಖಾಲಿ. ಒಂದೇ ಬಗೆಯ ಬೇಡಿಕೆ ಇರುವ ಆರ್ಡರುಗಳನ್ನು ಒಂದು ಸುತ್ತಿಗೆ ಹಾಕಿದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಇಳಕಲ್ ಸೀರೆ ಮಾರುವವರ ಬಳಿ ಪ್ರತಿ ಸೀರೆಯೂ ಬೇರೆ. ಇಪ್ಪತ್ತು ಆರ್ಡರಿಗೆ ಇಪ್ಪತ್ತು ಬಗೆ, ಒಂದೊಂದೇ. ಅಲ್ಲಿ ಒಟ್ಟು ಮಾಡಲು ಏನೂ ಇಲ್ಲ, ಪಟ್ಟಿ ಬರೆದ ಶ್ರಮವೇ ದಂಡ. ಐದಕ್ಕಿಂತ ಕಡಿಮೆ ಆರ್ಡರ್ ಇರುವ ದಿನ ಚಟ್ನಿಪುಡಿಯವರಿಗೂ ಅಷ್ಟೇ. ಸಾಮಾನಿನ ಬಗೆ ಕಡಿಮೆ, ಆರ್ಡರ್ ಹೆಚ್ಚು, ಒಬ್ಬೊಬ್ಬರದೂ ಮೂರು ನಾಲ್ಕು ಬಗೆಯ ಬೆರಕೆ: ಈ ಮೂರೂ ಕೂಡಿದ ಮನೆಯಲ್ಲಿ ಪಟ್ಟಿಗೆ ಕೆಲಸವಿದೆ.

ಆ ಸೋಮವಾರ ಮೂರೂವರೆಗೆ ಧಾರವಾಡದ ಮೇಜು ಖಾಲಿಯಾಗಿ, ಹತ್ತೂವರೆಗೆ ಫೋನ್ ಮಾಡಿದವರ ಕೊಬ್ಬರಿಯೂ ಅವರ ಪೆಟ್ಟಿಗೆ ಸೇರಿ, ಪಟ್ಟಿಯ ಹಾಳೆ ಒಂದು ಫೈಲಿಗೆ ಹೋಗುತ್ತದೆ. ತಿಂಗಳೊಂದು ಕಳೆಯುವವರೆಗೆ ಅದನ್ನು ಎಸೆಯುವಂತಿಲ್ಲ. ಶುಕ್ರವಾರ ಬೆಂಗಳೂರಿನಿಂದ ಒಂದು ಮೆಸೇಜ್ ಬಂದರೆ, “ಮೇಡಂ, ಹುಚ್ಚೆಳ್ಳು ಪುಡಿ ಎರಡು ಹೇಳಿದ್ವಿ, ಒಂದೇ ಬಂದಿದೆ” ಎಂದರೆ, ಫೈಲ್ ತೆಗೆದು ನೋಡಬಹುದು: ಏಳನೇ ಪೆಟ್ಟಿಗೆ, GUR100 ಎರಡು, ಪಕ್ಕದಲ್ಲಿ ಅತ್ತೆಯ ಪೆನ್ಸಿಲ್ ಗೀಟು, ತೂಕ 479. ಗಿರಾಕಿಯ ಪೆಟ್ಟಿಗೆಯ ತಳದಲ್ಲಿ, ಶೇಂಗಾ ಪ್ಯಾಕೆಟ್ಟಿನ ಕೆಳಗೆ ಒಂದು ಸಲ ನೋಡಲು ಹೇಳುವ ಧೈರ್ಯ ಆಗ ಬರುತ್ತದೆ.